ಪ್ರೊಜೆಕ್ಟರನ್ನೇ ಟಿವಿ ಮಾಡಿಕೊಳ್ಳುವ ಮುನ್ನ

ಟಿವಿಯಲ್ಲಿ ಪರದೆ, ಸ್ಪೀಕರು, ಕೇಬಲ್ ಸಿಕ್ಕಿಸುವ ಕಿಂಡಿಗಳು, ರಿಮೋಟಿನ ಕಣ್ಣು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಪ್ರೊಜೆಕ್ಟರ್ ಮನೆಗೆ ಬಂದರೆ ಇವೆಲ್ಲ ಚದುರಿಹೋಗುತ್ತವೆ. ಚಿತ್ರ ಎದುರಿನ ಗೋಡೆಯ ಮೇಲೆ, ಯಂತ್ರ ನಮ್ಮ ಬೆನ್ನ ಹಿಂದೆ, ಸೆಟ್‌ಟಾಪ್ ಬಾಕ್ಸ್ ಇನ್ನೆಲ್ಲೋ. ಹಾಗಾಗಿ ಯಾವುದು ಎಲ್ಲಿರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಹನ್ನೆರಡು ಅಡಿ ಉದ್ದದ ಹಾಲ್ ಇದೆ, 80 ಇಂಚಿನ ಚಿತ್ರ ಬೇಕು ಎಂದಿಟ್ಟುಕೊಳ್ಳೋಣ. ಈ ಅಳತೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 70 ಇಂಚು, ಎತ್ತರ 39 ಇಂಚು. ಪ್ರೊಜೆಕ್ಟರಿನ ವಿವರಪತ್ರದಲ್ಲಿ ಥ್ರೋ ರೇಶಿಯೊ ಎಂಬ ಅಂಕಿ ಇರುತ್ತದೆ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಗೋಡೆಗೂ ಲೆನ್ಸಿಗೂ ಇರಬೇಕಾದ ದೂರ ಸಿಗುತ್ತದೆ. ಅದು 1.5 ಆಗಿದ್ದರೆ 105 ಇಂಚು, ಅಂದರೆ ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ. ಹಾಲಿನಲ್ಲಿ ಜಾಗ ಸಾಲುತ್ತದೆ.

ದೂರದಷ್ಟೇ ಎತ್ತರವೂ ಮುಖ್ಯ. ಪ್ರೊಜೆಕ್ಟರನ್ನು ಟೀಪಾಯಿಯ ಮೇಲಿಟ್ಟು, ಮುಂಗಾಲಿನಡಿ ಪುಸ್ತಕ ಕೊಟ್ಟು ಮೂತಿ ಎತ್ತಿದರೆ ಚಿತ್ರ ಮೇಲಕ್ಕೇನೋ ಹೋಗುತ್ತದೆ. ಆದರೆ ಮೇಲಂಚಿಗೆ ಹೋಗುವ ಬೆಳಕು ಹೆಚ್ಚು ದೂರ ಸಾಗಬೇಕಾದ್ದರಿಂದ ಅಲ್ಲಿ ಹೆಚ್ಚು ಹರಡುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾದ ಚಿತ್ರ ಮೂಡುತ್ತದೆ. ಇದನ್ನು ಸರಿಪಡಿಸಲು ಇರುವುದೇ ಕೀಸ್ಟೋನ್.

ಆದರೆ ಈ ಸೌಲಭ್ಯ ಲೆನ್ಸನ್ನು ಸರಿಸುವುದಿಲ್ಲ, ಚಿತ್ರವನ್ನೇ ಹಿಂಡುತ್ತದೆ. ಕೆಳಗೆ 70 ಇಂಚು, ಮೇಲೆ 76 ಇಂಚು ಬಂದಿದೆ ಎನ್ನಿ. 1920 ಚುಕ್ಕಿಗಳ ಮೇಲಿನ ಸಾಲನ್ನು 70 ಇಂಚಿಗೆ ಇಳಿಸಲು ಯಂತ್ರ ಅದನ್ನು ಸುಮಾರು 1770 ಚುಕ್ಕಿಗಳಲ್ಲಿ ತುರುಕುತ್ತದೆ. ಸಿನಿಮಾ ನೋಡುವಾಗ ಇದು ಅಷ್ಟಾಗಿ ಗೊತ್ತಾಗದು. ಆದರೆ ಕ್ರಿಕೆಟ್ ಸ್ಕೋರಿನ, ಸುದ್ದಿವಾಹಿನಿಯ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಕೈಬಿಟ್ಟ ಜಾಗ ಪೂರ್ತಿ ಕಪ್ಪಾಗದೆ ಚಿತ್ರದ ಪಕ್ಕದಲ್ಲಿ ತೆಳು ಬೂದು ಪಟ್ಟಿಯಾಗಿ ಉಳಿಯುತ್ತದೆ. ಕತ್ತಲೆಯ ದೃಶ್ಯಗಳಲ್ಲಿ ಅದು ಎದ್ದು ಕಾಣುತ್ತದೆ.

ಆದ್ದರಿಂದ ಕೀಸ್ಟೋನನ್ನು ಕೊನೆಗೆ ಮುಟ್ಟಿ. ಮೊದಲು ಮೆನುವಿನಲ್ಲಿ ಅದನ್ನು ಸೊನ್ನೆಗೆ ತನ್ನಿ, ತಾನಾಗಿಯೇ ಸರಿಪಡಿಸುವ ಆಯ್ಕೆಯಿದ್ದರೆ ಆರಿಸಿ. ಸಾಮಾನ್ಯವಾಗಿ ಮೇಜಿನ ಮೇಲಿಡುವ ಪ್ರೊಜೆಕ್ಟರಿನ ಲೆನ್ಸ್ ಚಿತ್ರದ ಕೆಳಅಂಚಿನ ಆಸುಪಾಸಿನ ಎತ್ತರದಲ್ಲಿ, ಚಾವಣಿಗೆ ತಲೆಕೆಳಗಾಗಿ ತೂಗಿದ್ದರೆ ಮೇಲಂಚಿನ ಆಸುಪಾಸಿನಲ್ಲಿ ಇರಬೇಕು. ಯಂತ್ರ ಓರೆಯಾಗದೆ ಗೋಡೆಗೆ ನೇರ ಮುಖ ಮಾಡಿರಲಿ. ನಂತರ ಜೂಮ್, ಫೋಕಸ್ ಸರಿಮಾಡಿ, ಚಿತ್ರದ ನಾಲ್ಕೂ ಅಂಚುಗಳನ್ನು ಟೇಪು ಹಿಡಿದು ಅಳೆಯಿರಿ. ಆಮೇಲೂ ಉಳಿದ ಅರ್ಧ, ಒಂದು ಇಂಚಿನ ವ್ಯತ್ಯಾಸಕ್ಕೆ ಕೀಸ್ಟೋನ್ ಬಳಸಿದರೆ ನಷ್ಟ ಹೆಚ್ಚಿರದು.

ಈಗ ಕೇಬಲ್ಲಿನ ಕೆಲಸ. ಹೆಚ್ಚಿನ ಪ್ರೊಜೆಕ್ಟರುಗಳಲ್ಲಿ ಚಾನೆಲ್ ಹಿಡಿಯುವ ಟ್ಯೂನರ್ ಇರುವುದಿಲ್ಲ. ಸೆಟ್‌ಟಾಪ್ ಬಾಕ್ಸನ್ನು HDMI 1ಕ್ಕೆ, ಸ್ಟ್ರೀಮಿಂಗ್ ಸ್ಟಿಕ್ಕನ್ನು HDMI 2ಕ್ಕೆ ಕೊಟ್ಟು, ರಿಮೋಟಿನ Source ಗುಂಡಿಯಿಂದ ಬೇಕಾದ್ದನ್ನು ಆರಿಸಬೇಕು. No Signal ಎಂದು ಬಂದರೆ ಗಾಬರಿ ಬೇಡ: ತಪ್ಪು ಕಿಂಡಿ ಆರಿಸಿರಬಹುದು, ಇಲ್ಲವೇ ಬಾಕ್ಸ್ ಇನ್ನೂ ಮಲಗಿರಬಹುದು. ಸ್ಟಿಕ್ ಪದೇ ಪದೇ ಆರಿ ಹೊತ್ತಿಕೊಳ್ಳುತ್ತಿದ್ದರೆ ಪ್ರೊಜೆಕ್ಟರಿನ ಯುಎಸ್‌ಬಿ ಕಿಂಡಿಯಿಂದ ಬರುವ ವಿದ್ಯುತ್ ಸಾಲುತ್ತಿಲ್ಲದಿರಬಹುದು. ಅದರದೇ ಅಡಾಪ್ಟರ್ ಹಾಕಿ ನೋಡಿ.

ರಿಮೋಟಿನ ತೊಡಕು ಹುಟ್ಟುವುದು ಜಾಗದಿಂದ. ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಬೆಳಕಿನಿಂದ ಕೆಲಸ ಮಾಡುತ್ತದೆ. ಬಾಕ್ಸ್ ಬೆನ್ನ ಹಿಂದಿದ್ದರೆ ಪ್ರತಿ ಸಲ ತಿರುಗಿ ಒತ್ತಬೇಕು. ಅದು ಗೋಡೆಯ ಕಡೆಗೇ ಇದ್ದರೆ ರಿಮೋಟ್ ಸುಲಭ, ಸ್ಪೀಕರನ್ನು ಅದಕ್ಕೇ ಸೇರಿಸಿದರೆ ಮಾತು ಚಿತ್ರದ ಕಡೆಯಿಂದಲೇ ಕೇಳಿಸುತ್ತದೆ. ಆದರೆ ಎಚ್‌ಡಿಎಂಐ ಕೇಬಲ್ ಉದ್ದ ಬೇಕಾಗುತ್ತದೆ. ಚಿತ್ರದಲ್ಲಿ ಮಿನುಗು ಬಂದರೆ, ನಡುನಡುವೆ ಪರದೆ ಕಪ್ಪಾದರೆ ಮೊದಲು ಕೇಬಲ್ಲನ್ನು ಅನುಮಾನಿಸಿ. ಬ್ಲೂಟೂತ್ ರಿಮೋಟಿನ ಸ್ಟಿಕ್ಕಿಗೆ ದಿಕ್ಕಿನ ಹಂಗಿಲ್ಲ.

ಎರಡು ಮೂರು ರಿಮೋಟುಗಳ ಕಾಟ ತಪ್ಪಿಸಲು ಎರಡು ದಾರಿಗಳಿವೆ. ಒಂದು, ಪ್ರೊಜೆಕ್ಟರ್ ಮತ್ತು ಸ್ಟಿಕ್ ಎರಡರ ಮೆನುವಿನಲ್ಲೂ HDMI-CEC ಚಾಲೂ ಮಾಡುವುದು. ಎರಡೂ ಯಂತ್ರಗಳು ಇದಕ್ಕೆ ಹೊಂದಿದರೆ, ಸ್ಟಿಕ್ಕಿನ ರಿಮೋಟ್ ಒತ್ತಿದಾಗ ಪ್ರೊಜೆಕ್ಟರ್ ತಾನೇ ಹೊತ್ತಿಕೊಂಡು ಸರಿಯಾದ ಕಿಂಡಿಗೆ ಹೋಗುತ್ತದೆ. ಇನ್ನೊಂದು, ಹಲವು ಡಿಟಿಎಚ್ ರಿಮೋಟುಗಳಲ್ಲಿರುವ ಕಲಿಸುವ ಸೌಲಭ್ಯ. ಕೈಪಿಡಿಯಲ್ಲಿ ಹೇಳಿದಂತೆ ಎರಡೂ ರಿಮೋಟುಗಳನ್ನು ಎದುರುಬದುರು ಹಿಡಿದು, ಪ್ರೊಜೆಕ್ಟರಿನ ಪವರ್ ಮತ್ತು Source ಗುಂಡಿಗಳನ್ನು ಡಿಟಿಎಚ್ ರಿಮೋಟಿಗೆ ಕಲಿಸಿಬಿಡಬಹುದು.

ಆರಿಸುವ ಕ್ರಮ ಮಾತ್ರ ಟಿವಿಯಂತಲ್ಲ. ಹಲವು ಪ್ರೊಜೆಕ್ಟರುಗಳು ಖಚಿತಪಡಿಸಿಕೊಳ್ಳಲು ಪವರ್ ಗುಂಡಿಯನ್ನು ಇನ್ನೊಮ್ಮೆ ಒತ್ತಿಸಿಕೊಳ್ಳುತ್ತವೆ. ದೀಪವಿರುವ ಮಾದರಿಯಲ್ಲಿ ಆಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಅದು ನಿಂತ ಮೇಲೆಯೇ ಗೋಡೆಯ ಸ್ವಿಚ್ ಆರಿಸಬೇಕೆಂದು ಮನೆಯವರಿಗೆಲ್ಲ ಮೊದಲ ದಿನವೇ ಹೇಳಿಕೊಡಿ.