ಆಡಿಟರ್ ಪತ್ರದಲ್ಲಿ ಬಾಕಿ ಕಮ್ಮಿ ಇದ್ದರೆ ಸಹಿ ಹಾಕಬೇಕಾ?

ಇವತ್ತಿನ ವಿಷಯ, ಅಂಗಡಿಗೆ ಬರೋ ಒಂದು ಪತ್ರ.

ಒಂದು ಉದಾಹರಣೆ ತಗೊಳ್ಳೋಣ. ಗದಗ ಜಿಲ್ಲೆಯ ನರೇಗಲ್‌ನಲ್ಲಿ ನಿಮ್ಮ ಮನೆಯವರದ್ದು ಕಡಲೆ ವ್ಯಾಪಾರ. ಒಂದು ಬೇಳೆ ಮಿಲ್ ಕಂಪನಿಗೆ ಮಾಲು ಕಳಿಸ್ತೀರಿ. ಏಪ್ರಿಲ್‌ನಲ್ಲಿ ಅವರ ಲೆಟರ್‌ಹೆಡ್‌ನಲ್ಲಿ ಪತ್ರ ಬರುತ್ತೆ: "ಮಾರ್ಚ್ 31ಕ್ಕೆ ನಿಮಗೆ ಕೊಡಬೇಕಾದ ಬಾಕಿ ₹4,12,000. ಸರಿ ಇದೆಯೇ? ಉತ್ತರವನ್ನು ನೇರವಾಗಿ ನಮ್ಮ ಆಡಿಟರ್‌ಗೆ ಕಳಿಸಿ." ನಿಮ್ಮ ಖಾತೆಯಲ್ಲಿ ಮಾತ್ರ ₹4,85,000 ಇದೆ. ₹73,000 ವ್ಯತ್ಯಾಸ.

ಇಲ್ಲಿ ಸುಮ್ಮನೆ ಸಹಿ ಹಾಕಿದರೆ, ಆಮೇಲೆ ಆ ₹73,000 ಕೇಳುವಾಗ "ನೀವೇ ಒಪ್ಪಿದ್ರಲ್ಲ" ಅಂತ ನಿಮ್ಮ ಸಹಿಯನ್ನೇ ತೋರಿಸ್ತಾರೆ. ಉತ್ತರ ಕೊಡದೇ ಬಿಡೋದೂ ಸರಿಯಲ್ಲ. ಕೆಲವು ಪತ್ರಗಳಲ್ಲಿ "ತಕರಾರಿದ್ದರೆ ಮಾತ್ರ ತಿಳಿಸಿ" ಅಂತ ಇರುತ್ತೆ. ಅಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೇ ಎಣಿಸಬಹುದು.

ಮೊದಲು ಕಂಪನಿಯಿಂದ ನಿಮ್ಮ ಹೆಸರಿನ ಲೆಡ್ಜರ್ ತರಿಸಿಕೊಳ್ಳಿ. ನಿಮ್ಮ ಖಾತೆ ಪಕ್ಕಕ್ಕಿಟ್ಟು ಒಂದೊಂದೇ ಸಾಲು ಟಿಕ್ ಹಾಕ್ತಾ ಬನ್ನಿ. ಟಿಕ್ ಆಗದೇ ಉಳಿದದ್ದೇ ವ್ಯತ್ಯಾಸ. ನಮ್ಮ ಉದಾಹರಣೆಯಲ್ಲಿ ಮೂರು ಉಳಿದವು. ಮಾರ್ಚ್ 30ರ ₹45,000 ಬಿಲ್, ಮಾಲು ಮಿಲ್ ಮುಟ್ಟಿದ್ದು ಏಪ್ರಿಲ್ 2ಕ್ಕೆ. ಮಾರ್ಚ್ 31ರಂದು ಅವರು ಬರೆದ ₹20,000 ಚೆಕ್, ನಿಮ್ಮ ಕೈಗೆ ಬಂದದ್ದು ಏಪ್ರಿಲ್ 4ಕ್ಕೆ. ಇನ್ನು ₹8,000, ತೂಕ ಕಮ್ಮಿ ಅಂತ ಅವರು ಹಾಕಿದ ಡೆಬಿಟ್ ನೋಟ್. ಅದು ನಿಮಗೆ ಬಂದೇ ಇಲ್ಲ.

ಮೊದಲೆರಡು ಬರೀ ತಾರೀಖಿನ ಅಂತರ, ಜಗಳ ಇಲ್ಲ. ಮೂರನೇದು ನಿಜವಾದ ತಕರಾರು. ಹಾಗಾಗಿ ಉತ್ತರದಲ್ಲಿ ಇವನ್ನ ಬೇರೆ ಬೇರೆ ಬರೀರಿ:

"31 ಮಾರ್ಚ್‌ಗೆ ನಮ್ಮ ಪುಸ್ತಕದ ಪ್ರಕಾರ ಬರಬೇಕಾದ ಬಾಕಿ ₹4,85,000. ನೀವು ತಿಳಿಸಿದ ₹4,12,000ಕ್ಕೆ ನಮ್ಮ ಒಪ್ಪಿಗೆ ಇಲ್ಲ. ವ್ಯತ್ಯಾಸ: ದಾರಿಯಲ್ಲಿದ್ದ ಮಾಲು ₹45,000, ನಂತರ ತಲುಪಿದ ಚೆಕ್ ₹20,000, ನಾವು ಒಪ್ಪದ ಡೆಬಿಟ್ ನೋಟ್ ₹8,000."

ಜೊತೆಗೆ ನಿಮ್ಮ ಖಾತೆಯ ಪ್ರತಿ, ಆ ಬಿಲ್, ತೂಕದ ಚೀಟಿ ಇಡಿ. ಚೆಕ್ ಈಗ ಬಂದಿದೆ ಅಂತ ಮಾರ್ಚ್ 31ರ ಅಂಕಿ ಬದಲಿಸಬೇಡಿ. ಅವರು ಕೇಳಿದ್ದು ಆ ದಿನದ ಬಾಕಿ.

ಉತ್ತರ ಹೋಗಬೇಕಾದ್ದು ಆಡಿಟರ್‌ಗೇ. "ನಮ್ಮ ಕೈಗೆ ಕೊಡ್ರಿ, ನಾವೇ ಮುಟ್ಟಿಸ್ತೀವಿ" ಅಂತ ಕಂಪನಿಯ ಅಕೌಂಟೆಂಟ್ ಅಂದ್ರೂ ಕೊಡಬೇಡಿ. ನಡುವೆ ಯಾರೂ ಅಂಕಿ ತಿದ್ದಬಾರದು ಅಂತಲೇ ಈ ಪದ್ಧತಿ ಇರೋದು. ಆದರೆ ಆಡಿಟರ್ ನಿಮಗೆ ಹಣ ಕೊಡಿಸೋದಿಲ್ಲ. ₹8,000ಕ್ಕೆ ಕಂಪನಿಗೆ ಬೇರೆಯಾಗಿಯೇ ಬರೀಬೇಕು.

ಆ ಪತ್ರವನ್ನೂ ಜೋಪಾನವಾಗಿಡಿ. ಕಂಪನಿ ಪರವಾಗಿ ಸಹಿ ಆಗಿದ್ದರೆ, 1963ರ ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅದು ಸಾಲ ಒಪ್ಪಿದ ದಾಖಲೆ ಆಗಬಹುದು. ಅವಧಿ ಮುಗಿಯುವ ಮೊದಲೇ ಬಂದ ಪತ್ರವಾದರೆ, ದಾವೆ ಹೂಡೋ ಮೂರು ವರ್ಷ ಆ ಸಹಿಯ ದಿನದಿಂದ ಹೊಸದಾಗಿ ಶುರುವಾಗುತ್ತೆ.