ಒಂದು ಸೆಕೆಂಡು ಆನ್, ಒಂದು ಸೆಕೆಂಡು ಆಫ್

ಆರ್ಡುಯಿನೋ ಬೋರ್ಡನ್ನು ಮೊದಲ ಸಲ ಕೈಗೆತ್ತಿಕೊಂಡವರು ಬರೆಯುವ ಮೊದಲ ಪ್ರೋಗ್ರಾಮು ಒಂದು ಎಲ್‌ಇಡಿ ದೀಪವನ್ನು ಮಿಣುಕಿಸುತ್ತದೆ. ಪಿನ್ನಿನಲ್ಲಿ ಒಂದು ಸೆಕೆಂಡು ಐದು ವೋಲ್ಟ್, ಮುಂದಿನ ಸೆಕೆಂಡು ಸೊನ್ನೆ, ಮತ್ತೆ ಐದು, ಮತ್ತೆ ಸೊನ್ನೆ. ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದರೆ ಕೋಟೆಯ ತೆನೆಗಳ ಸಾಲಿನಂತೆ ಕಾಣುತ್ತದೆ. ಇದೇ ಸ್ಕ್ವೇರ್ ವೇವ್, ಪುಸ್ತಕದ ಕನ್ನಡದಲ್ಲಿ ಚೌಕ ತರಂಗ.

ಈಗ ದೀಪ ತೆಗೆದು ಆ ಪಿನ್ನಿಗೆ ಹತ್ತು ಕಿಲೋ ಓಮ್‌ನ ಒಂದು ರೆಸಿಸ್ಟರ್, ಅದರ ಹಿಂದೆ ನೂರು ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಜೋಡಿಸೋಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಸಾಮಾನು ಇವು. ಎರಡರ ಗುಣಲಬ್ಧ ಸರಿಯಾಗಿ ಒಂದು ಸೆಕೆಂಡು. ಅಂದರೆ ಐದು ವೋಲ್ಟ್ ಕೊಟ್ಟ ಒಂದು ಸೆಕೆಂಡಿನಲ್ಲಿ ಖಾಲಿ ಕೆಪ್ಯಾಸಿಟರ್ ಸುಮಾರು ಶೇಕಡಾ 63ರಷ್ಟು ತುಂಬುತ್ತದೆ. ಪೂರ್ತಿ ತುಂಬುವ ಮೊದಲೇ ಪಿನ್ ಆಫ್ ಆಗುತ್ತದೆ, ಪೂರ್ತಿ ಬರಿದಾಗುವ ಮೊದಲೇ ಮತ್ತೆ ಆನ್ ಆಗುತ್ತದೆ. ಹೀಗೆ ನಡುವೆಯೇ ಒದ್ದಾಡುವ ಕೆಪ್ಯಾಸಿಟರಿನ ವೋಲ್ಟೇಜು ಕೊನೆಗೆ ಎಲ್ಲಿ ನೆಲೆ ನಿಲ್ಲುತ್ತದೆ?

ಹಳೆಯ ದಾರಿಯಲ್ಲಿ ಹೋದರೆ ಪ್ರತಿ ಸೆಕೆಂಡಿಗೂ ಒಂದೊಂದು ಲೆಕ್ಕ. ಮೊದಲ ಸೆಕೆಂಡಿನ ಅವಕಲ ಸಮೀಕರಣ ಬಿಡಿಸಿ, ಅದರ ಕೊನೆಯ ಬೆಲೆಯನ್ನು ಎರಡನೆಯದರ ಆರಂಭಕ್ಕೆ ಹಾಕಿ, ಅಲ್ಲಿಂದ ಮೂರನೆಯದಕ್ಕೆ. ಇಪ್ಪತ್ತು ಸೆಕೆಂಡಿಗೆ ಇಪ್ಪತ್ತು ತುಂಡು. ಲಾಪ್ಲಾಸ್ ರೂಪಾಂತರ ಕೈಯಲ್ಲಿದ್ದರೆ ಈ ಕೊನೆಯಿಲ್ಲದ ಸಾಲು ಒಂದೇ ಭಿನ್ನರಾಶಿಯಾಗಿ ಮಡಚಿಕೊಳ್ಳುತ್ತದೆ. ಮಡಿಕೆ ಇರುವುದು ಆ ಭಿನ್ನರಾಶಿಯ ಛೇದದಲ್ಲಿ.

ಲಾಪ್ಲಾಸ್ ರೂಪಾಂತರ ಮಾಡುವುದು ಇಷ್ಟು: ಸಿಗ್ನಲ್ಲಿನ ಪ್ರತಿ ಕ್ಷಣದ ಬೆಲೆಯನ್ನೂ e^(−st) ಎಂಬ ತೂಕದಿಂದ ಗುಣಿಸಿ, ಕಾಲ ಸೊನ್ನೆಯಿಂದ ಅನಂತದವರೆಗೆ ಕೂಡುತ್ತದೆ. ಕಾಲ ಸರಿದಂತೆ ಈ ತೂಕ ಕರಗುತ್ತ ಹೋಗುತ್ತದೆ. ಸಿಗ್ನಲ್ T ಸೆಕೆಂಡಿಗೊಮ್ಮೆ ತನ್ನನ್ನೇ ನಕಲು ಮಾಡಿಕೊಳ್ಳುವಂಥದ್ದಾದರೆ ಎರಡನೇ ಸುತ್ತಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಿಲ್ಲ. ಆಕಾರ ಅದೇ, ತೂಕ ಮಾತ್ರ ಇನ್ನಷ್ಟು ಕರಗಿದೆ. ಆದ್ದರಿಂದ ಎರಡನೇ ಸುತ್ತಿನ ಪಾಲು ಮೊದಲ ಸುತ್ತಿನದರ e^(−sT) ಪಟ್ಟು, ಮೂರನೆಯದು ಅದಕ್ಕೂ e^(−sT) ಪಟ್ಟು. ಪಿಯುಸಿಯಲ್ಲಿ ಕಲಿತ ಗುಣೋತ್ತರ ಶ್ರೇಢಿಯೇ ಇಲ್ಲಿ ಬಂದು ನಿಂತಿದೆ. 1 + r + r² + … ಎಂಬುದರ ಮೊತ್ತ 1/(1 − r). ಹಾಗಾಗಿ ಸೂತ್ರ ಹೀಗಾಗುತ್ತದೆ:

F(s) = [∫₀ᵀ e^(−st) f(t) dt] / (1 − e^(−sT))

ಅಂಶದಲ್ಲಿ ಒಂದೇ ಸುತ್ತಿನ ಅನುಕಲನ, ಛೇದದಲ್ಲಿ ‘ಇದು ಹೀಗೇ ನಡೆಯುತ್ತಿರುತ್ತದೆ’ ಎಂಬ ಮಾತು.

ನಮ್ಮ ಅಲೆಗೆ T ಎಂದರೆ ಎರಡು ಸೆಕೆಂಡು, ಆನ್ ಮತ್ತು ಆಫ್ ಎರಡೂ ಸೇರಿ. ಆಫ್ ಭಾಗದ ಅನುಕಲನ ಸೊನ್ನೆ, ಆನ್ ಭಾಗದ್ದು 5(1 − e^(−s))/s. ಛೇದ 1 − e^(−2s). ಇದು a² − b² ರೂಪದಲ್ಲಿರುವುದರಿಂದ (1 − e^(−s))(1 + e^(−s)) ಎಂದು ಒಡೆಯುತ್ತದೆ. ಮೇಲಿನದೂ ಕೆಳಗಿನದೂ ಒಂದೊಂದು ಪದ ಹೊಡೆದುಹೋಗಿ ಉಳಿಯುವುದು:

F(s) = 5 / [s(1 + e^(−s))]

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಗಣಿತದಲ್ಲಿ ಈ ಬಗೆಯ ಲೆಕ್ಕವನ್ನು ಬಿಡಿಸಿರುವವರು ಬಹಳ ಮಂದಿ. ಅಲ್ಲಿ ಪದೇ ಪದೇ ಆಗುವ ತಪ್ಪು T ಆರಿಸುವುದರಲ್ಲಿದೆ. ‘ಒಂದು ಸೆಕೆಂಡು ಆನ್’ ಎಂಬುದನ್ನು ನೋಡಿ T = 1 ಎಂದು ಹಾಕಿದರೆ ಛೇದ 1 − e^(−s) ಆಗುತ್ತದೆ, ಅದು ಅಂಶದಲ್ಲಿರುವುದರೊಂದಿಗೆ ಪೂರ್ತಿ ಹೊಡೆದುಹೋಗುತ್ತದೆ, ಉತ್ತರ 5/s ಎಂದು ಬರುತ್ತದೆ. 5/s ಎಂದರೆ ಎಂದೂ ಆಫ್ ಆಗದ ಐದು ವೋಲ್ಟಿನ ಬ್ಯಾಟರಿ. ಸೂತ್ರ ಸುಳ್ಳು ಹೇಳಿಲ್ಲ. ಒಂದು ಸೆಕೆಂಡಿನ ಆನ್ ಮುಗಿದ ಕೂಡಲೇ ಮತ್ತೆ ಅದನ್ನೇ ನಕಲು ಮಾಡು ಎಂದರೆ ಆಫ್ ಬರುವುದಾದರೂ ಎಲ್ಲಿಂದ?

ತಪ್ಪು ಹಿಡಿಯಲು ಅರ್ಧ ನಿಮಿಷದ ಒಂದು ಪರೀಕ್ಷೆ ಇದೆ. ಬಂದ ಉತ್ತರವನ್ನು s ಇಂದ ಗುಣಿಸಿ, s ಅನ್ನು ಸೊನ್ನೆಯ ಹತ್ತಿರ ತಂದರೆ ಅಲೆಯ ಸರಾಸರಿ ಸಿಗಬೇಕು. ನಮ್ಮಲ್ಲಿ 5/(1 + 1), ಅಂದರೆ 2.5 ವೋಲ್ಟ್. ಅರ್ಧ ಕಾಲ ಐದು, ಅರ್ಧ ಕಾಲ ಸೊನ್ನೆ ಇರುವ ಅಲೆಗೆ ಸರಾಸರಿ ಅಷ್ಟೇ ತಾನೆ. ತಪ್ಪು T ಹಾಕಿದ್ದರೆ ಇಲ್ಲಿ ಐದು ಬಂದು ಸಿಕ್ಕಿಬೀಳುತ್ತಿತ್ತು.

ಇನ್ನು ಕೆಪ್ಯಾಸಿಟರಿಗೆ ಬರೋಣ. ಅದರ ವೋಲ್ಟೇಜು v ಅನುಸರಿಸುವ ಸಮೀಕರಣ v′ + v = f. ಆರಂಭದಲ್ಲಿ ಅದು ಖಾಲಿ ಇದ್ದರೆ ರೂಪಾಂತರದ ನಂತರ V(s) = 5 / [s(s + 1)(1 + e^(−s))]. ಇದನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆಯಲು ಹೊರಟವರು 1 + e^(−s) ಎದುರು ಬಂದ ಕೂಡಲೇ ತಡವರಿಸುತ್ತಾರೆ, ಏಕೆಂದರೆ ಅದು ಬಹುಪದೋಕ್ತಿಯಲ್ಲ. ದಾರಿ ಬೇರೆಯೇ. ಮಡಚಿದ ಶ್ರೇಢಿಯನ್ನು ಮತ್ತೆ ಬಿಚ್ಚಬೇಕು: 1 − e^(−s) + e^(−2s) − … ಇಲ್ಲಿ e^(−s) ಎಂದರೆ ‘ಒಂದು ಸೆಕೆಂಡು ತಡವಾಗಿ’ ಎಂದಷ್ಟೇ ಅರ್ಥ. ಹಾಗೆ ಓದಿದರೆ ಉತ್ತರ ತಾನಾಗಿ ಬರೆದುಕೊಳ್ಳುತ್ತದೆ. ಆರಂಭದಲ್ಲಿ 5(1 − e^(−t)) ಎಂಬ ತುಂಬುವ ವಕ್ರರೇಖೆ ಶುರುವಾಗುತ್ತದೆ, ಒಂದು ಸೆಕೆಂಡಿಗೆ ಅದೇ ವಕ್ರರೇಖೆಯನ್ನು ಕಳೆಯಬೇಕು, ಎರಡನೇ ಸೆಕೆಂಡಿಗೆ ಮತ್ತೆ ಕೂಡಬೇಕು. ಒಂದೇ ಅಚ್ಚು, ಸೆಕೆಂಡಿಗೊಮ್ಮೆ ಚಿಹ್ನೆ ಬದಲು.

ಅಂಕಿಗಳನ್ನು ಹಾಕಿ ನೋಡಿದರೆ ಮೊದಲ ಆನ್ ಮುಗಿಯುವಾಗ ಕೆಪ್ಯಾಸಿಟರಿನಲ್ಲಿ 3.161 ವೋಲ್ಟ್. ಒಂದು ಸೆಕೆಂಡು ಬರಿದಾದ ಮೇಲೆ 1.163. ಎರಡನೇ ಸುತ್ತಿನ ಮೇಲ್ತುದಿ 3.588, ಮೂರನೆಯದು 3.646, ನಾಲ್ಕನೆಯದು 3.654. ಮೇಲ್ತುದಿ 3.655ರ ಕಡೆಗೂ ಕೆಳತುದಿ 1.345ರ ಕಡೆಗೂ ಸರಿದು ಅಲ್ಲೇ ನೆಲೆಗೊಳ್ಳುತ್ತವೆ. ಉಳಿದ ಅಂತರ ಪ್ರತಿ ಸುತ್ತಿಗೂ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಾಲ್ಕೇ ಸುತ್ತಿನಲ್ಲಿ, ಎಂಟು ಸೆಕೆಂಡಿನೊಳಗೆ, ಕಣ್ಣಿಗೆ ವ್ಯತ್ಯಾಸ ಕಾಣದಷ್ಟು ಹತ್ತಿರ ಬಂದಿರುತ್ತದೆ.

ಈ ಎರಡು ತುದಿಗಳನ್ನು ಕೂಡಿದರೆ ಐದು. ಇದು ಆಕಸ್ಮಿಕವಲ್ಲ. ಆನ್ ಮತ್ತು ಆಫ್ ಸಮನಾಗಿರುವಷ್ಟು ಕಾಲ ಯಾವ ರೆಸಿಸ್ಟರ್, ಯಾವ ಕೆಪ್ಯಾಸಿಟರ್ ಹಾಕಿದರೂ ಹೀಗೇ. ಆಸಿಲೋಸ್ಕೋಪಿನ ಪರದೆಯಲ್ಲಿ ಇದನ್ನು ನೋಡುವವರಿಗೆ ಈ ಮಾತು ತುಂಬ ಉಪಯೋಗಕ್ಕೆ ಬರುತ್ತದೆ. ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರಿನ ಮೈಮೇಲೆ ನೂರು ಎಂದು ಬರೆದಿದ್ದರೂ ಸಾಮಾನ್ಯವಾಗಿ ಶೇಕಡಾ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರಬಹುದು. ನಿಜಕ್ಕೂ ಅದು 120 ಇದ್ದರೆ ಮೇಲ್ತುದಿ 3.655ರ ಬದಲು ಸುಮಾರು 3.49ಕ್ಕೆ ನಿಲ್ಲುತ್ತದೆ. ಆಗಲೂ ಎರಡು ತುದಿಗಳ ಮೊತ್ತ ಐದೇ ಬಂದರೆ ಲೆಕ್ಕ ಸರಿಯಿದೆ, ಬದಲಾಗಿರುವುದು ಕೆಪ್ಯಾಸಿಟರ್ ಎಂದು ತಿಳಿಯಬಹುದು. ಮೊತ್ತ ಐದಕ್ಕಿಂತ ಕಡಿಮೆ ಬಂದರೆ ಪಿನ್ನು ಪೂರ್ತಿ ಐದು ವೋಲ್ಟ್ ಕೊಡುತ್ತಿಲ್ಲ, ಅಥವಾ ಆನ್ ಆಗಿರುವ ಹೊತ್ತು ಕಡಿಮೆಯಾಗಿದೆ, ಇಲ್ಲವೇ ಕೆಪ್ಯಾಸಿಟರಿನಿಂದ ಎಲ್ಲೋ ಸೋರುತ್ತಿದೆ.

ಇಲ್ಲೊಂದು ಬಲೆ ಇದೆ. ‘s ಅನ್ನು ಸೊನ್ನೆಗೆ ತಂದರೆ ಕೊನೆಯ ಬೆಲೆ ಸಿಗುತ್ತದೆ’ ಎಂಬ ಪ್ರಮೇಯವನ್ನು ಬಾಯಿಪಾಠ ಮಾಡಿದವರು V(s)ಗೂ ಅದನ್ನು ಹಚ್ಚಿ, ಕೆಪ್ಯಾಸಿಟರ್ 2.5 ವೋಲ್ಟಿಗೆ ನಿಲ್ಲುತ್ತದೆ ಎಂದು ಬರೆದುಬಿಡುತ್ತಾರೆ. ಅದು ಎಲ್ಲಿಯೂ ನಿಲ್ಲುವುದಿಲ್ಲ. 1.345 ಮತ್ತು 3.655ರ ನಡುವೆ ಎಂದೆಂದಿಗೂ ಏರಿಳಿಯುತ್ತದೆ, 2.5 ಅದರ ಸರಾಸರಿ ಮಾತ್ರ. ನಿಲ್ಲುವಂಥ ಸಿಗ್ನಲ್ಲಿಗೆ ಮಾತ್ರ ಆ ಪ್ರಮೇಯ ಸಲ್ಲುತ್ತದೆ.

ಹೀಗೆ ಆನ್–ಆಫ್ ಮಾಡಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬೆನ್ನತ್ತಿದವರಲ್ಲಿ ಆಲಿವರ್ ಹೆವಿಸೈಡ್ (1850–1925) ದೊಡ್ಡ ಹೆಸರು. ಲಾಪ್ಲಾಸ್ (1749–1827) ತೀರಿಕೊಂಡು ದಶಕಗಳೇ ಕಳೆದ ಮೇಲೆ, ಟೆಲಿಗ್ರಾಫ್ ಕಂಪನಿಯಲ್ಲಿ ಆಪರೇಟರ್ ಆಗಿ ದುಡಿದಿದ್ದ ಈತ ಸ್ವಿಚ್ ಒತ್ತಿದ ಕ್ಷಣವನ್ನೇ ಗಣಿತದ ಒಂದು ವಸ್ತುವನ್ನಾಗಿ ಮಾಡಿದ. ಸಮುದ್ರದಡಿಯ ಕೇಬಲ್ಲು ಕೂಡ ಒಂದು ಬಗೆಯ ಉದ್ದನೆಯ ರೆಸಿಸ್ಟರ್–ಕೆಪ್ಯಾಸಿಟರ್ ಸಾಲು. ಈ ತುದಿಯಲ್ಲಿ ಚೂಪಾಗಿ ಹೊರಟ ಸಂಕೇತ ಆ ತುದಿಯಲ್ಲಿ ಮೊಂಡಾಗಿ ಬರುತ್ತಿತ್ತು.

ಕೆಪ್ಯಾಸಿಟರಿನ ಬದಲು ತೂಗಾಡುವ ವಸ್ತುವನ್ನು ಇಟ್ಟರೆ ಅದೇ ಛೇದ ಇನ್ನೊಂದು ಗುಟ್ಟು ಬಿಡುತ್ತದೆ. 1 + e^(−s) ಸೊನ್ನೆಯಾಗುವುದು s = iπ, 3iπ, 5iπ… ಎಂಬ ಬೆಲೆಗಳಲ್ಲಿ ಮತ್ತು ಅವುಗಳ ಋಣ ಜೋಡಿಗಳಲ್ಲಿ. ಅಂದರೆ ಸೆಕೆಂಡಿಗೆ ಅರ್ಧ ಸಲ, ಒಂದೂವರೆ ಸಲ, ಎರಡೂವರೆ ಸಲ ತೂಗುವ ಲೋಲಕಗಳ ಮೇಲೆ ಈ ಅಲೆಗೆ ಹಿಡಿತವಿದೆ. ಸೆಕೆಂಡಿಗೆ ಒಂದು ಸಲ ತೂಗುವುದರ ಮೇಲೆ ಇಲ್ಲ. ಬೆಸ ಸಂಖ್ಯೆಗಳು ಮಾತ್ರ ಏಕೆ?

ಎರಡು ದಾರಗಳಿಗೆ ಒಂದೊಂದು ಗುಂಡು ಕಟ್ಟಿದಂತೆ ಊಹಿಸೋಣ. ಒಂದು ದಾರ 25 ಸೆಂಟಿಮೀಟರ್, ಅದು ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಇನ್ನೊಂದು 11 ಸೆಂಟಿಮೀಟರ್, ಅದು ಸೆಕೆಂಡಿಗೆ ಒಂದೂವರೆ ಸಲ. ಎರಡರ ಮೇಲೂ ಒಂದು ಸೆಕೆಂಡು ಹಗುರವಾದ ಸಮನಾದ ಗಾಳಿ ಬೀಸುತ್ತದೆ, ಒಂದು ಸೆಕೆಂಡು ನಿಲ್ಲುತ್ತದೆ. ಗಾಳಿಯ ಬಲಕ್ಕೆ ಗುಂಡು ನಿಲ್ಲಬೇಕಾದ ಜಾಗ ಎರಡು ಮಿಲಿಮೀಟರ್ ಆಚೆಗೆ ಇದೆ ಎನ್ನೋಣ. ಉದ್ದ ದಾರದ ಗುಂಡು ನಾಲ್ಕು ಮಿಲಿಮೀಟರ್ ಆಚೆ ಹೋಗಿ, ಸರಿಯಾಗಿ ಗಾಳಿ ನಿಲ್ಲುವ ಹೊತ್ತಿಗೆ ಹೊರಟ ಜಾಗಕ್ಕೇ ಮರಳಿ ಸ್ತಬ್ಧವಾಗುತ್ತದೆ. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಗಾಳಿಯೇ ಕಿತ್ತುಕೊಂಡಿತು. ಗಿಡ್ಡ ದಾರದ ಕಥೆ ಬೇರೆ. ಒಂದು ಪೂರ್ತಿ ತೂಗಾಟದಲ್ಲಿ ಲೆಕ್ಕ ಚುಕ್ತಾ ಆದರೂ ಉಳಿದ ಅರ್ಧದಲ್ಲಿ ಅದು ಗಾಳಿಯ ಜತೆಗೇ ಸಾಗುತ್ತದೆ. ಗಾಳಿ ನಿಂತಾಗ ಅದು ನಾಲ್ಕು ಮಿಲಿಮೀಟರ್ ಆಚೆ ಇರುತ್ತದೆ. ಗಾಳಿಯಿಲ್ಲದ ಸೆಕೆಂಡಿನಲ್ಲಿ ಒಂದೂವರೆ ಸಲ ತೂಗಿ ಈಚೆ ಬದಿಯ ನಾಲ್ಕು ಮಿಲಿಮೀಟರಿಗೆ ಬಂದಿರುತ್ತದೆ, ಸರಿಯಾಗಿ ಆಗಲೇ ಮತ್ತೆ ಗಾಳಿ. ಈ ಸಲ ಎಂಟು ಮಿಲಿಮೀಟರ್, ಮುಂದಿನ ಸಲ ಹನ್ನೆರಡು. ಘರ್ಷಣೆ ತಡೆಯುವವರೆಗೂ ಅದು ಹೀಗೆ ಏರುತ್ತಲೇ ಹೋಗುತ್ತದೆ, ಬೀಸುವ ಗಾಳಿ ಒಂದಿಷ್ಟೂ ಜೋರಾಗದೆ.

ಈ ಲೆಕ್ಕ ಮನೆಯೊಳಗೂ ಕೇಳಿಸುತ್ತದೆ. ಹಳೆಯ ಬಗೆಯ ಸ್ಕ್ವೇರ್ ವೇವ್ ಇನ್ವರ್ಟರು ಹತ್ತು ಮಿಲಿಸೆಕೆಂಡು ಧನ, ಹತ್ತು ಮಿಲಿಸೆಕೆಂಡು ಋಣ ವೋಲ್ಟೇಜು ಕೊಡುತ್ತದೆ. ಸೂತ್ರದಲ್ಲಿ T = 0.02 ಹಾಕಿದರೆ ಛೇದದಲ್ಲಿ 1 + e^(−0.01s) ಉಳಿಯುತ್ತದೆ, ಅದು ಸೊನ್ನೆಯಾಗುವ ಆವರ್ತನಗಳು 50, 150, 250 ಹರ್ಟ್ಸ್, ಹೀಗೆ ಮುಂದಕ್ಕೆ. ಸೀಲಿಂಗ್ ಫ್ಯಾನಿನ ಮೋಟಾರಿಗೆ ಬೇಕಾದದ್ದು ಐವತ್ತು ಮಾತ್ರ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡ ಕೂಡಲೇ ಫ್ಯಾನಿನಿಂದ ಹೊರಡುವ ಗುಂಯ್‌ಗುಡುವ ಸದ್ದು ಬರುವುದು ಅದರ ಜತೆಗೆ ಬಂದ ಬೆಸ ಸಂಖ್ಯೆಯ ಪಾಲುಗಳಿಂದ.