ಒಂದೇ ಕಡೆ ವಾಲಿದ ಮರ

ತರಗತಿಯ ಹಾಜರಿ ಪುಸ್ತಕದಲ್ಲಿ 1ರಿಂದ 1000ದವರೆಗೆ ಕ್ರಮಸಂಖ್ಯೆಗಳಿವೆ ಎನ್ನಿ. ಅವನ್ನು ಬೈನರಿ ಸರ್ಚ್ ಟ್ರೀಗೆ ಸೇರಿಸಬೇಕು. ನಿಯಮ ಸರಳ: ಈಗಿರುವ ನೋಡ್‌ಗಿಂತ ಚಿಕ್ಕ ಸಂಖ್ಯೆ ಎಡಕ್ಕೆ, ದೊಡ್ಡದು ಬಲಕ್ಕೆ. ಸಂಖ್ಯೆಗಳು ಕಲಸಿಹೋಗಿ ಬಂದರೆ ಮರ ಎರಡೂ ಕಡೆ ಹರಡಿಕೊಳ್ಳುತ್ತದೆ. ಪುಸ್ತಕದಲ್ಲಿದ್ದ ಹಾಗೆಯೇ ಏರಿಕೆ ಕ್ರಮದಲ್ಲಿ ಬಂದರೆ ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದು, ಹಾಗಾಗಿ ಎಲ್ಲವೂ ಬಲಕ್ಕೇ ಹೋಗುತ್ತವೆ. ಕೊನೆಗೆ ಉಳಿಯುವುದು 1000 ಮಟ್ಟದ ಒಂದು ಸರಪಳಿ. ಹೆಸರಿಗೆ ಮಾತ್ರ ಅದು ಮರ.

ಈ ಮರದ ಸಂಖ್ಯೆಗಳನ್ನು ಕ್ರಮವಾಗಿ ಮುದ್ರಿಸಲು ಪಠ್ಯಪುಸ್ತಕಗಳು ಕಲಿಸುವ ಪೈಥಾನ್ ಕೋಡ್ ಇದು:

```python
def inorder(n):
    if n is None:
        return
    inorder(n.left)
    print(n.key)
    inorder(n.right)
```

ಇಲ್ಲಿ ಫಂಕ್ಷನ್ ತನ್ನನ್ನು ತಾನೇ ಕರೆಯುತ್ತದೆ. ಪ್ರತಿ ಸಲ ಒಳಗಿನ ಕರೆಗೆ ಹೋಗುವ ಮುನ್ನ ‘ನಾನು ಇಲ್ಲಿಗೆ ನಿಲ್ಲಿಸಿದ್ದೇನೆ, ಈ ನೋಡ್ ನನ್ನ ಕೈಯಲ್ಲಿದೆ’ ಎಂದು ಬರೆದ ಚೀಟಿಯೊಂದನ್ನು ಗಣಕ ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಒಳಗಿನ ಕೆಲಸ ಮುಗಿದಾಗ ಮೇಲಿನ ಚೀಟಿ ತೆಗೆದು ಓದಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಈ ರಾಶಿಗೆ ಕಾಲ್ ಸ್ಟ್ಯಾಕ್ ಎಂದೂ ಒಂದೊಂದು ಚೀಟಿಗೆ ಫ್ರೇಮ್ ಎಂದೂ ಹೆಸರು.

ರಾಶಿ ಎಷ್ಟು ಎತ್ತರ ಬೆಳೆಯುತ್ತದೆ ಎನ್ನುವುದನ್ನು ತೀರ್ಮಾನಿಸುವುದು ನೋಡ್‌ಗಳ ಸಂಖ್ಯೆಯಲ್ಲ, ಮರದ ಎತ್ತರ. ಅದಕ್ಕೇ ಈ ಕ್ರಮಕ್ಕೆ ಬೇಕಾಗುವ ಹೆಚ್ಚುವರಿ ಜಾಗವನ್ನು O(h) ಎಂದು ಬರೆಯುತ್ತಾರೆ. h ಎಂದರೆ ಎತ್ತರ. ಸಮವಾಗಿ ಹರಡಿದ ಮರದಲ್ಲಿ 10 ಲಕ್ಷ ನೋಡ್ ಇದ್ದರೂ ಎತ್ತರ ಬರೀ 20. ವಾಲಿದ ಮರದಲ್ಲಿ ಎತ್ತರವೂ 10 ಲಕ್ಷವೇ. ಸಿ ಭಾಷೆಯಲ್ಲಿ ಒಂದು ಫ್ರೇಮ್‌ಗೆ 48 ಬೈಟ್ ಎಂದು ಹಿಡಿಯೋಣ. ಸಮ ಮರಕ್ಕೆ 960 ಬೈಟ್ ಸಾಕು. ವಾಲಿದ ಮರಕ್ಕೆ 4.8 ಕೋಟಿ ಬೈಟ್ ಬೇಕು. ಲಿನಕ್ಸ್ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಕೊಡುವ ಸ್ಟ್ಯಾಕ್ 8 ಎಂಬಿ, ಅಂದರೆ ಸುಮಾರು 84 ಲಕ್ಷ ಬೈಟ್. ಮುಕ್ಕಾಲು ಪಾಲಿಗಿಂತ ಹೆಚ್ಚು ದಾರಿ ಉಳಿದಿರುವಾಗಲೇ ಪ್ರೋಗ್ರಾಂ ಸೆಗ್ಮೆಂಟೇಷನ್ ಫಾಲ್ಟ್ ಎಂದು ಸಾಯುತ್ತದೆ. ಸ್ಟ್ಯಾಕ್ ತುಂಬಿತು ಎಂಬ ಸುಳಿವೂ ಆ ಸಂದೇಶದಲ್ಲಿ ಇರುವುದಿಲ್ಲ. ಜಾವಾ `StackOverflowError` ಎಂದು ಬಾಯಿಬಿಟ್ಟು ಹೇಳುತ್ತದೆ. ಪೈಥಾನ್ ಇನ್ನೂ ಜಾಗರೂಕ: ಆಳ 1000 ಸಮೀಪಿಸಿದೊಡನೆ ತಾನೇ ತಡೆದು `RecursionError` ಎಸೆಯುತ್ತದೆ.

ನಮ್ಮ ಹಾಜರಿ ಮರದ ಮೇಲೆ ಆ ಕೋಡ್ ಓಡಿಸಿದರೆ 1, 2, 3 ಎಂದು ಸಲೀಸಾಗಿ ಮುದ್ರಣವಾಗಿ, 900 ದಾಟಿ, 1000 ಮುಟ್ಟುವ ಮೊದಲು ದೋಷ ಬರುತ್ತದೆ. ಅದೇ ಸಂಖ್ಯೆಗಳನ್ನು ಇಳಿಕೆ ಕ್ರಮದಲ್ಲಿ ಸೇರಿಸಿ ನೋಡಿ. ಈಗ ಮರ ಎಡಕ್ಕೆ ವಾಲುತ್ತದೆ. ಮೊದಲ ಸಂಖ್ಯೆಯನ್ನು ಮುದ್ರಿಸುವುದಕ್ಕೇ ತಳದವರೆಗೆ ಇಳಿಯಬೇಕಾದ್ದರಿಂದ ಒಂದು ಅಂಕಿಯೂ ಕಾಣದೆ ದೋಷ ಬರುತ್ತದೆ. ಔಟ್‌ಪುಟ್ ಎಲ್ಲಿ ನಿಂತಿತು ಎಂದು ನೋಡಿದರೆ ಮರ ಯಾವ ಕಡೆ ವಾಲಿದೆ ಎಂದು ಊಹಿಸಬಹುದು.

ಎಡ-ಬಲದ ವ್ಯತ್ಯಾಸ ಇಷ್ಟಕ್ಕೇ ಮುಗಿಯುವುದಿಲ್ಲ, ನನಗೆ ಇಡೀ ವಿಷಯದಲ್ಲಿ ಸ್ವಾರಸ್ಯ ಕಾಣುವುದೂ ಇಲ್ಲೇ. ಬಲಗಡೆಯ ಕರೆ ಫಂಕ್ಷನ್‌ನ ಕೊನೆಯ ಕೆಲಸ. ಅದು ಮುಗಿದ ಮೇಲೆ ಮಾಡಬೇಕಾದ್ದು ಏನೂ ಇಲ್ಲವಾದ್ದರಿಂದ ಹಳೆಯ ಫ್ರೇಮನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಇದೇ ಕೋಡನ್ನು ಸಿ ಭಾಷೆಯಲ್ಲಿ ಬರೆದು ಜಿಸಿಸಿ ಕಂಪೈಲರ್‌ಗೆ `-O2` ಕೊಟ್ಟರೆ ಅದು ಸಾಮಾನ್ಯವಾಗಿ ಈ ಕೊನೆಯ ಕರೆಯನ್ನು ಲೂಪ್ ಆಗಿ ಬದಲಿಸಿಬಿಡುತ್ತದೆ. ಆಗ ಬಲಕ್ಕೆ ವಾಲಿದ 10 ಲಕ್ಷ ನೋಡ್‌ಗಳ ಮರವೂ ಬೆರಳೆಣಿಕೆಯ ಫ್ರೇಮ್‌ಗಳಲ್ಲಿ ಮುಗಿಯುತ್ತದೆ. ಎಡಕ್ಕೆ ವಾಲಿದ್ದು ಮಾತ್ರ ಮೊದಲಿನಂತೆಯೇ ಕುಸಿಯುತ್ತದೆ, ಏಕೆಂದರೆ ಎಡದಿಂದ ಮರಳಿದ ಮೇಲೆ ಮುದ್ರಿಸುವ ಕೆಲಸ ಬಾಕಿ ಇದೆ. ಏರಿಕೆ ಕ್ರಮದ ಪಟ್ಟಿಯಿಂದ ಮಾತ್ರ ಪರೀಕ್ಷಿಸಿದವರಿಗೆ ತಮ್ಮ ಪ್ರೋಗ್ರಾಂ ಗಟ್ಟಿಯಾಗಿದೆ ಎಂಬ ಭ್ರಮೆ ಹುಟ್ಟುವುದು ಹೀಗೆ. ಪೈಥಾನ್‌ನಲ್ಲಿ ಈ ಸೌಲಭ್ಯ ಇಲ್ಲ.

ಸ್ಟ್ಯಾಕನ್ನು ನಾವೇ ಒಂದು ಪಟ್ಟಿಯಾಗಿ ಇಟ್ಟುಕೊಂಡು ಲೂಪ್ ಬರೆದರೆ? ಎಡಕ್ಕೆ ವಾಲಿದ ಮರದಲ್ಲಿ ಆಗಲೂ 10 ಲಕ್ಷ ನೋಡ್‌ಗಳನ್ನು ನೆನಪಿಡಲೇಬೇಕು, ಜಾಗದ ಲೆಕ್ಕ ಬದಲಾಗದು. ಆದರೆ ಒಂದೊಂದಕ್ಕೆ ಇಡೀ ಫ್ರೇಮ್‌ನ ಬದಲು 8 ಬೈಟ್‌ನ ವಿಳಾಸ ಸಾಕು, ಮತ್ತು ಆ ಜಾಗ ಬರುವುದು ಬಿಗಿ ಮಿತಿಯ ಸ್ಟ್ಯಾಕ್‌ನಿಂದಲ್ಲ, ವಿಶಾಲವಾದ ಹೀಪ್‌ನಿಂದ. 1979ರಲ್ಲಿ ಜೋಸೆಫ್ ಮಾರಿಸ್ ಪ್ರಕಟಿಸಿದ ವಿಧಾನಕ್ಕಂತೂ ಸ್ಟ್ಯಾಕೇ ಬೇಡ. ನೋಡ್‌ಗಳಲ್ಲಿ ಖಾಲಿ ಬಿದ್ದಿರುವ ಬಲ ಕೊಂಡಿಗಳಲ್ಲಿ ಹಿಂದಿರುಗುವ ದಾರಿಯನ್ನು ತಾತ್ಕಾಲಿಕವಾಗಿ ಬರೆದಿಟ್ಟು, ಬಳಸಿದ ಮೇಲೆ ಅಳಿಸುತ್ತದೆ. ಜಾಣತನದ ಉಪಾಯವೇ ಸರಿ. ಆದರೆ ಆ ಹೊತ್ತಿನಲ್ಲಿ ಇನ್ನೊಂದು ಥ್ರೆಡ್ ಅದೇ ಮರವನ್ನು ಓದುತ್ತಿದ್ದರೆ ಅದಕ್ಕೆ ಕೆಟ್ಟುಹೋದ ಮರ ಕಾಣುತ್ತದೆ.

ನನ್ನ ಮತ ಕೇಳಿದರೆ, ಮರವೇ ವಾಲದಂತೆ ನೋಡಿಕೊಳ್ಳುವುದು ಮೇಲು. 1962ರಲ್ಲಿ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ತೋರಿಸಿದ ಎವಿಎಲ್ ಮರ ಪ್ರತಿ ಸೇರ್ಪಡೆಯ ನಂತರ ಎಡ-ಬಲಗಳ ಎತ್ತರ ಹೋಲಿಸಿ, ವ್ಯತ್ಯಾಸ ಒಂದಕ್ಕಿಂತ ಹೆಚ್ಚಾದರೆ ಕೊಂಡಿಗಳನ್ನು ತಿರುಗಿಸಿ ಸರಿಮಾಡುತ್ತದೆ. 10 ಲಕ್ಷ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ತುಂಬಿದರೂ ಅದರ ಎತ್ತರ 30 ದಾಟುವುದಿಲ್ಲ. ಅಲ್ಲಿ ಮೇಲಿನ ಆರು ಸಾಲಿನ ಕೋಡನ್ನು ಇದ್ದ ಹಾಗೆಯೇ ಬಿಡಬಹುದು.